ಇಪ್ಪತ್ತೇಳನೆಯ ಬುತ್ತಿ

ಕುಂಬಳೆಯ ಒಂದು ಹೋಟೆಲಿನಲ್ಲಿ ಸುಕುಮಾರ ಹತ್ತೊಂಬತ್ತು ವರ್ಷ ಸಾಂಬಾರು ಮಾಡಿದ. ಹೆದ್ದಾರಿ ಅಗಲವಾದಾಗ ಕಟ್ಟಡದ ಮುಂಭಾಗ ಹೋಯಿತು. ಉಳಿದ ಭಾಗಕ್ಕೆ ಧಣಿಗಳು ಬೀಗ ಹಾಕಿದರು. ಸುಕುಮಾರನಿಗೆ ಹೋಟೆಲ್ ತೆರೆಯಲು ಜಾಗವಿರಲಿಲ್ಲ. ಕಾರಡ್ಕದ ಮನೆಯ ಹಿಂದೆ ಶೀಟು ಹಾಕಿದ ಒಂದು ಕೋಣೆ ಮಾತ್ರ ಇತ್ತು. ಅಲ್ಲಿ ಎರಡು ದೊಡ್ಡ ಗ್ಯಾಸ್ ಒಲೆ ಇಟ್ಟ, ಗ್ರೈಂಡರ್ ಇಟ್ಟ, ಆಹಾರ ಸುರಕ್ಷತೆಯ ನೋಂದಣಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ನಾಮಕರಣ, ಸೀಮಂತ, ಮನೆ ಒಕ್ಕಲು ಎಂದು ಎಂಬತ್ತು ಎಲೆಯವರೆಗಿನ ಊಟ ಒಪ್ಪಿಕೊಳ್ಳುತ್ತಿದ್ದ. ಆದರೆ ಊರಿನಲ್ಲಿ ದಿನಕ್ಕೊಂದು ನಾಮಕರಣ ಆಗುವುದಿಲ್ಲ.

ಹಾಗಾಗಿ ಆರು ಕಿಲೋಮೀಟರ್ ದೂರದ ಸಹಕಾರಿ ಸಂಘದ ಕಚೇರಿಯವರು ಇಪ್ಪತ್ತಾರು ಬುತ್ತಿ ಕೇಳಿದಾಗ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ನೋಡುವುದು, ಹಿಡಿಸಿದರೆ ಖಾಯಂ ಎಂದು ಮಾತಾಗಿತ್ತು.

ಸೋಮವಾರ ಒಂದೂವರೆಗೆ ಕಚೇರಿಯ ಗುಮಾಸ್ತೆ ವಿಜೇತಾ ಫೋನ್ ಮಾಡಿದಳು.

"ಸುಕುಮಾರಣ್ಣ, ಬೇಜಾರು ಮಾಡ್ಬೇಡಿ. ಸಾಂಬಾರು ಒಂಥರಾ ವಾಸನೆ ಬರ್ತಾ ಉಂಟು. ಪಲ್ಯ ನೀರು ಬಿಟ್ಟಿದೆ."

"ಎಂತ ಹೇಳ್ತೀ ಮಾರಾಯ್ತಿ! ನಾನೇ ರುಚಿ ನೋಡಿ ತುಂಬಿಸಿದ್ದು."

"ಎಷ್ಟು ಗಂಟೆಗೆ?"

"ಒಂಬತ್ತಕ್ಕೆ."

"ನಾವು ಊಟಕ್ಕೆ ಕೂರುವುದು ಒಂದೂಕಾಲಿಗೆ."

ಫೋನ್ ಇಟ್ಟ ಮೇಲೂ ಸುಕುಮಾರ ಗೊಣಗುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವನ ಸಾಂಬಾರಿನಲ್ಲಿ ಕುಂದು ಹುಡುಕಿರಲಿಲ್ಲ. ಹೆಂಡತಿ ಪಂಕಜಾಕ್ಷಿ ತೆಂಗಿನಕಾಯಿ ತುರಿಯುತ್ತಲೇ ಹೇಳಿದಳು: "ಹೋಟೆಲಿನಲ್ಲಿ ಸಾಂಬಾರು ಒಲೆಯಿಂದ ನೇರ ಮೇಜಿಗೆ ಹೋಗ್ತಿತ್ತು. ಇಲ್ಲಿ ಅದು ಮುಚ್ಚಿದ ಬುತ್ತಿಯೊಳಗೆ ನಾಲ್ಕು ಗಂಟೆ ಕೂತುಕೊಳ್ತದೆ. ನಾಳೆ ಇಪ್ಪತ್ತೇಳು ತುಂಬಿಸಿ. ಒಂದನ್ನು ಜಗಲಿಯಲ್ಲಿಟ್ಟು ಒಂದೂಕಾಲಿಗೆ ನೀವೇ ತಿನ್ನಿ."

ಮಂಗಳವಾರ ಒಂದೂಕಾಲಿಗೆ ಅವನು ಮುಚ್ಚಳ ತೆಗೆದ. ಮುಚ್ಚಳದ ಒಳಗೆ ಬೆವರಿದ ನೀರು ಅನ್ನಕ್ಕೆ ತೊಟ್ಟಿಕ್ಕಿತ್ತು. ಪಲ್ಯಕ್ಕೆ ಕೊನೆಯಲ್ಲಿ ಉದುರಿಸಿದ ಹಸಿ ಕಾಯಿತುರಿ ಹುಳಿ ವಾಸನೆ ಹಿಡಿದಿತ್ತು. ಸಾಂಬಾರನ್ನು ಮೂಸಿದ, ನಾಲಗೆಗೆ ಇಟ್ಟ, ಬುತ್ತಿಯನ್ನು ಮೆಲ್ಲಗೆ ದೂರ ಸರಿಸಿದ.

"ಇದನ್ನು ನಾನು ಕಳಿಸಿದ್ದಾ?"

"ನೀವೇ," ಎಂದಳು ಪಂಕಜಾಕ್ಷಿ.

ಬುತ್ತಿ ಬೆಳಿಗ್ಗೆಯೇ ಹೊರಡುತ್ತಿದ್ದುದಕ್ಕೆ ಕಾರಣ ಜಯಂತನ ಆಟೋ. ಶಾಲೆಯ ಮಕ್ಕಳನ್ನು ಬಿಟ್ಟು ಒಂಬತ್ತೂವರೆಗೆ ಅವನು ಆ ಕಡೆ ಹೋಗುತ್ತಿದ್ದ.

"ಮಧ್ಯಾಹ್ನ ಹೋಗ್ತೀಯಾ?" ಎಂದು ಸುಕುಮಾರ ಕೇಳಿದ.

"ಹನ್ನೆರಡಕ್ಕೆ ನನ್ನ ಊಟದ ಹೊತ್ತು ಮಾರಾಯ."

"ಬಂದು ಇಲ್ಲೇ ಊಟ ಮಾಡು. ದಿನಾ."

ಜಯಂತ ಕ್ಷಣ ಯೋಚಿಸಿದ. "ಮೀನು ಉಂಟಾ?"

"ಉಂಟು."

ಬುಧವಾರದಿಂದ ಒಲೆ ಹತ್ತಿಸಿದ್ದು ಎರಡೂವರೆ ಗಂಟೆ ತಡವಾಗಿ. ಪಲ್ಯದ ಕಾಯಿತುರಿಯನ್ನು ಹುರಿದು ಹಾಕಿದ. ಕಾಯಿ ಮಸಾಲೆ ಬಿದ್ದ ಮೇಲೆ ಸಾಂಬಾರನ್ನು ಮತ್ತೆ ಚೆನ್ನಾಗಿ ಕುದಿಸಿದ. ಅನ್ನದ ಹಬೆ ಆರಿದ ಮೇಲೆಯೇ ಮುಚ್ಚಳ ಬಿಗಿದ. ಹನ್ನೆರಡೂಕಾಲಿಗೆ ಆಟೋ ಹೊರಟಿತು. ಒಂದೂಕಾಲಿಗೆ ಇಪ್ಪತ್ತೇಳನೆಯ ಬುತ್ತಿ ಪರವಾಗಿಲ್ಲ ಎನಿಸಿತು. ಗುರುವಾರ ಚೆನ್ನಾಗಿತ್ತು. ಕಚೇರಿಯಿಂದ ಮಾತ್ರ ಎರಡು ದಿನವೂ ಮಾತಿಲ್ಲ.

ಶುಕ್ರವಾರ ಒಂದು ಗಂಟೆಗೆ ಫೋನ್ ಬಂತು.

"ಸುಕುಮಾರಣ್ಣ, ಹೇಳದೆ ಕೇಳದೆ ಆಡಿಟರ್ ಬಂದಿದ್ದಾರೆ. ಊಟಕ್ಕೆ ಇಲ್ಲೇ ಕೂರ್ತಾರಂತೆ. ಇನ್ನೊಂದು ಬುತ್ತಿ ಸಿಗ್ತದಾ?"

ಜಗಲಿಯಲ್ಲಿ ಇದ್ದದ್ದು ಒಂದೇ. ಜಯಂತ ಬುತ್ತಿಗಳನ್ನು ಕೊಟ್ಟು ಬಂದು, ಆಗಷ್ಟೇ ಬಾಳೆಲೆಯ ಮುಂದೆ ಕೂತು ಬಂಗುಡೆಯ ಬೆನ್ನು ಬಿಡಿಸುತ್ತಿದ್ದ.

"ಏಳು ಮಾರಾಯ, ಓಡು!"

"ನನ್ನ ಮೀನು?"

"ಅದು ಈಜಿ ಹೋಗುವುದಿಲ್ಲ, ಮುಚ್ಚಿಡ್ತೇನೆ," ಎಂದಳು ಪಂಕಜಾಕ್ಷಿ.

ಆಟೋದ ಸದ್ದು ತಿರುವಿನಲ್ಲಿ ಅಡಗಿತು. ಸುಕುಮಾರ ಜಗಲಿಯಲ್ಲಿ ಕೂತ. ಒಂದೂಕಾಲಾಯಿತು. ಇವತ್ತು ತೆರೆದು ನೋಡಲು ಬುತ್ತಿಯಿಲ್ಲ.

"ಪಾತ್ರೆಯಲ್ಲಿ ಸಾಂಬಾರು ಉಂಟಲ್ಲ, ಉಣ್ಣಿ."

"ಅದು ಒಲೆಯ ಮೇಲಿದ್ದದ್ದು. ಅದರ ರುಚಿ ನೋಡಿ ಪ್ರಯೋಜನ ಇಲ್ಲ."

ಒಂದೂಮುಕ್ಕಾಲಾಯಿತು. ಜಯಂತ ಮರಳಿ ಬಂದು ಮೀನು ಮುಗಿಸಿದ. ಅಲ್ಲಿ ಎಂತ ಹೇಳಿದರು ಎಂದು ಕೇಳಿದರೆ, ಕೊಟ್ಟು ಬಂದದ್ದೇ ತನ್ನ ಕೆಲಸ ಎಂದ. ಎರಡಕ್ಕೆ ಐದು ನಿಮಿಷ ಇರುವಾಗ ಫೋನ್ ರಿಂಗಾಯಿತು.

"ಸುಕುಮಾರಣ್ಣ, ಸೋಮವಾರ ಪಲ್ಯ ಎಂತ ಅಂತ ಸೆಕ್ರೆಟರಿ ಕೇಳ್ತಿದ್ದಾರೆ."

"ಅಲಸಂಡೆ," ಎಂದ ಸುಕುಮಾರ. "ಎಷ್ಟು ಬುತ್ತಿ?"

"ಎಷ್ಟು ಎಂತ, ಇಪ್ಪತ್ತಾರು. ಇನ್ನು ದಿನಾ."

ಫೋನ್ ಇಟ್ಟು ಹೆಂಡತಿಯ ಕಡೆ ತಿರುಗಿದ. "ಸೋಮವಾರಕ್ಕೆ ಇಪ್ಪತ್ತೇಳು."

"ಇಪ್ಪತ್ತೆಂಟು," ಎಂದಳು ಪಂಕಜಾಕ್ಷಿ, ಅವನ ಮುಂದೆ ಬಾಳೆಲೆ ಹಾಸುತ್ತಾ. "ಆಡಿಟರ್ ಬಂದಾಗೆಲ್ಲ ನೀವು ಉಪವಾಸ ಕೂತರೆ ಆಗ್ಲಿಕ್ಕಿಲ್ಲ."