ಕೋಲಿನ ಕಿಂಡಿ

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಹಲಗೆಯಣ್ಣ ಅಂತ. ಅವನು ಕೂರಿಸಿದ ಮರದ ನೆಲವನ್ನೆಲ್ಲ ಉದ್ದಕ್ಕೆ ಜೋಡಿಸಿದರೆ ಚಂದ್ರನವರೆಗೆ ಕಾಲಿಗೆ ಧೂಳು ತಾಗದ ಹಾಗೆ ನಡೆದು ಹೋಗಬಹುದಿತ್ತು. ವಾಪಸ್ ಬರಲು ಮಿಕ್ಕ ತುಂಡುಗಳೇ ಸಾಕಾಗುತ್ತಿದ್ದವು. ಅವನ ಸ್ವಂತ ಮನೆಯಲ್ಲಿ ಮಾತ್ರ ಬರೀ ಸಿಮೆಂಟು.

ಮನೆ ಅಂದರೆ ಕೆಳಗೆ ಅಂಗಡಿ, ಮೇಲೊಂದು ಕೋಣೆ. ಆ ಕೋಣೆಯಲ್ಲಿ ಹೆಂಡತಿ. ಒಂದು ಕಾಲದಲ್ಲಿ ಅವಳು ಬಾಯಿ ತೆರೆದರೆ ಗೋಡೆ ಗಡಿಯಾರವೂ ತಾನು ನಿಂತು ದಾರಿ ಬಿಡುತ್ತಿತ್ತು. ಲಕ್ವ ಹೊಡೆದ ಮೇಲೆ ಅರ್ಧ ಮೈ ಹೋಯಿತು, ಮಾತು ಒಂದೆರಡು ಪದಕ್ಕೆ ಬಂದು ನಿಂತಿತು. ಉಳಿದದ್ದನ್ನೆಲ್ಲ ಅವಳ ಊರುಗೋಲು ಆಡುತ್ತಿತ್ತು. ಕಬ್ಬಿಣದ ತುದಿಯಿಂದ ನೆಲಕ್ಕೊಂದು ಕುಟ್ಟಿದರೆ ಕೆಳಗೆ ಅಂಗಡಿಯ ತಾರಸಿ 'ಟಕ್' ಅನ್ನುತ್ತಿತ್ತು, ಹಲಗೆಯಣ್ಣ ಗಿರಾಕಿಯ ಮಾತನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದ. "ಯಜಮಾನರು ಕರೀತಿದಾರೆ" ಅಂತ ನಗುತ್ತಿದ್ದ.

ಚಳಿಗಾಲ ಬಂತು. ಸಿಮೆಂಟಿನ ಮೇಲೆ ಅವಳ ಕಾಲು ಮರಗಟ್ಟುತ್ತಿತ್ತು. ಇಷ್ಟು ವರ್ಷ ಊರವರ ಕಾಲು ಬೆಚ್ಚಗಿಟ್ಟವನಿಗೆ ನಾಚಿಕೆಯಾಯಿತು. ತೇಗದ ಬಣ್ಣದ ಲ್ಯಾಮಿನೇಟಿನ ಬಾಕ್ಸುಗಳನ್ನು ತಂದು, ಹಲಗೆಗಳು ಕೋಣೆಯ ಹವೆಗೆ ಒಗ್ಗಲಿ ಎಂದು ಎರಡು ದಿನ ಅವಳ ಮಂಚದ ಪಕ್ಕವೇ ಅಡ್ಡ ಮಲಗಿಸಿದ. ಅವಳು ಬಾಕ್ಸಿನ ಮೇಲೆ ಕೈಯಾಡಿಸಿ ನೋಡಿದಳು.

ರಾಜಮನೆತನದ ಕೆಲಸವೇನೋ ಅನ್ನುವಂತೆ ಅಳೆದ. ಕೊನೆಯ ಸಾಲು ಬೆರಳಗಲದ ಪಟ್ಟಿಯಾಗಿ ಉಳಿಯುತ್ತದೆಂದು ಗೊತ್ತಾಗಿ, ಮೊದಲ ಸಾಲನ್ನೇ ಉದ್ದಕ್ಕೆ ಸೀಳಿ ಕಿರಿದು ಮಾಡಿಕೊಂಡ. ಸಾಲಿನ ಕೊನೆಗೆ ಮಿಕ್ಕ ತುಂಡಿನಿಂದ ಮುಂದಿನ ಸಾಲು ಶುರು. ಸಂದುಗಳು ಒಂದರ ಎದುರು ಒಂದು ಬರಬಾರದು. ಮರ ಉಬ್ಬಿದರೆ ಜಾಗ ಬೇಕೆಂದು ಗೋಡೆಯ ಸುತ್ತ ಬೆಣೆಯಿಟ್ಟು ಸಣ್ಣ ಅಂತರ ಬಿಟ್ಟ. ಅರ್ಧ ಆದ ಮೇಲೆ ಮಂಚವನ್ನು ಹೊಸ ನೆಲದ ಮೇಲೆಳೆದು ಉಳಿದರ್ಧ ಮುಗಿಸಿದ. ಹಲಗೆಯ ಕೆಳಗೆ ಹಾಸುವ ಫೋಮು ಮಾತ್ರ ಅಂಗಡಿಯಲ್ಲಿದ್ದುದರಲ್ಲೇ ದಪ್ಪನೆಯದು. ಅದನ್ನು ಮಾರುವಾಗ ಅವನು ಹೇಳುತ್ತಿದ್ದ ಮಾತು ಗಿರಾಕಿಗಳಿಗೆಲ್ಲ ಬಾಯಿಪಾಠ: ಮೇಲೆ ಆನೆ ಕುಣಿದರೂ ಕೆಳಗಿನವರ ನಿದ್ದೆ ಕೆಡುವುದಿಲ್ಲ.

ಮಾರನೆಯ ದಿನ ಮೇಲಿಂದ ಒಂದು ಸದ್ದೂ ಬರಲಿಲ್ಲ. ಕಾಲು ಬೆಚ್ಚಗಾಗಿ ಹಾಯಾಗಿ ಮಲಗಿದ್ದಾಳೆ, ಎಬ್ಬಿಸುವುದು ಬೇಡ ಅಂದುಕೊಂಡು ಹಲಗೆಯಣ್ಣ ಸೀಟಿ ಹೊಡೆಯುತ್ತ ಹಲಗೆ ಕೊಯ್ದ.

ಸಂಜೆ ಗಂಜಿ ಹಿಡಿದು ಮೇಲೆ ಹೋದರೆ ಹಾಸಿಗೆ ಒದ್ದೆ, ನೀರಿನ ಲೋಟ ಕೈಗೆ ಸಿಗದಷ್ಟು ದೂರ ಉರುಳಿತ್ತು. ಅವಳು ಗೋಡೆಗೆ ಮುಖ ಮಾಡಿದ್ದಳು. ಮಂಚದ ಪಕ್ಕದ ಹೊಸ ಹಲಗೆಯ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಗುಳಿಗಳು. ಕೋಲಿನ ತುದಿಯ ಗುಳಿಗಳು. ಎಷ್ಟೆಂದು ಎಣಿಸುವ ಧೈರ್ಯ ಅವನಿಗಾಗಲಿಲ್ಲ.

"ಕೇಳ್ಲಿಲ್ಲ ಕಣೆ. ನಿನ್ನಾಣೆಗೂ ಕೇಳ್ಲಿಲ್ಲ."

"ಸುಳ್ಳು," ಅಂದಳು ಗೋಡೆಗೇ.

ಅವಳನ್ನು ಒರೆಸಿ, ಬಟ್ಟೆ ಬದಲಿಸಿದ. ಕರೆಯಲು ಬೇರೆ ಗಂಟೆ ತಂದಿಟ್ಟರೆ ಮುಟ್ಟಲಿಲ್ಲ. ಕೋಲನ್ನೂ ಮುಟ್ಟಲಿಲ್ಲ. ಗಂಡನಿಗೆ ತಾನು ಸಾಕಾಗಿದ್ದೇನೆ ಅಂತ ಅವಳು ತೀರ್ಮಾನಿಸಿಬಿಟ್ಟಿದ್ದಳು.

ಮರುದಿನ ಅವಳ ತಂಗಿ ನೋಡಲು ಬಂದಳು. ಹಲಗೆಯಣ್ಣ ಹೆಂಡತಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಹಿಂದೆ ಅವಳನ್ನೆತ್ತಲು ಕ್ರೇನು ಬೇಕೆಂದು ತಮಾಷೆ ಮಾಡುತ್ತಿದ್ದವನಿಗೆ ಈಗ ಅವಳು ಖಾಲಿ ಬಾಕ್ಸಿನಷ್ಟೇ ಹಗುರವಾಗಿದ್ದಳು. ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ಮೇಲೆ ಕೋಲು ಹಿಡಿದು ನಿಂತಿದ್ದ ನಾದಿನಿಗೆ ಕೂಗಿ ಹೇಳಿದ:

"ಕುಟ್ಟಮ್ಮಾ. ಜೋರಾಗಿ ಕುಟ್ಟು."

ಇಬ್ಬರೂ ತಾರಸಿ ನೋಡುತ್ತ ಕೂತರು. ಏನೂ ಇಲ್ಲ. ಆಮೇಲೆ ತಂಗಿ ಮೆಟ್ಟಿಲ ತುದಿಗೆ ಬಂದು, "ಕೈ ನೋಯ್ತಿದೆ ಭಾವ, ಇನ್ನೂ ಕುಟ್ಟಬೇಕಾ?" ಅಂದಳು.

ಹೆಂಡತಿ ಬಹಳ ಹೊತ್ತು ತಾರಸಿಯನ್ನೇ ನೋಡಿದಳು. ಅವಳ ಸರಿಯಿದ್ದ ಕೈ ಮೆಲ್ಲಗೆ ಬಂದು ಅವನ ಮೊಣಕೈ ಹಿಡಿಯಿತು.

ಇಡೀ ನೆಲ ಕಿತ್ತು ಹಾಕುತ್ತೇನೆಂದು ಅವನು ಹೊರಟರೆ ಅವಳು ಬಿಡಲಿಲ್ಲ. "ಬೆಚ್ಚಗಿದೆ," ಅಂದಳು. ಹಾಗಾಗಿ ಕಿಟಕಿಯ ಕಡೆ ಗೋಡೆಯ ಬುಡಕ್ಕೆ ಹೊಡೆದಿದ್ದ ಸ್ಕರ್ಟಿಂಗ್ ಪಟ್ಟಿ ತೆಗೆದು, ಕೊನೆಯ ಸಾಲುಗಳನ್ನು ಒಂದೊಂದಾಗಿ ಬಿಚ್ಚಿ, ಗುಳಿ ಬಿದ್ದ ಹಲಗೆಯಲ್ಲೂ ಅದರ ಕೆಳಗಿನ ಫೋಮಿನಲ್ಲೂ ಅಂಗೈಯಗಲ ಕಿಂಡಿ ಕೊರೆದು, ಮತ್ತೆ ಕೂರಿಸಿದ. ಕಿಂಡಿಯ ತಳದಲ್ಲಿ ಹಳೆಯ ಸಿಮೆಂಟು. ಅವನು ಕೆಳಗೆ ಬಂದು ನಿಂತ.

ಟಕ್.

ಓಡಿದ. ಅವಳಿಗೆ ಏನೂ ಬೇಕಿರಲಿಲ್ಲ.

ಚಳಿಗಾಲ ಮುಗಿಯುವ ಮೊದಲೇ ಅವಳು ಹೋದಳು. ಕಿಂಡಿಯನ್ನು ಅವನು ಮುಚ್ಚಲಿಲ್ಲ. ಹಲಗೆಯಿಂದ ಕೊರೆದ ತುಂಡು, ಮೈತುಂಬ ಗುಳಿಗಳೊಂದಿಗೆ, ಗಲ್ಲಾಪೆಟ್ಟಿಗೆಯ ಒಳಗಿದೆ. ಈಗಲೂ ಗರಗಸದ ಗುಂಡಿ ಒತ್ತುವ ಮುಂಚೆ ಒಂದು ಕ್ಷಣ ತಾರಸಿ ನೋಡುತ್ತಾನೆ. ದಪ್ಪ ಫೋಮು ಕೇಳಿ ಬಂದವರಿಗೆ ಆನೆಯ ಕತೆ ಹೇಳುವುದಿಲ್ಲ. ಒಂದೇ ಮಾತು ಕೇಳುತ್ತಾನೆ:

"ಮೇಲಿಂದ ನಿಮ್ಮನ್ನ ಯಾರಾದರೂ ಕರೆಯೋರಿದ್ದಾರಾ?"