ಕೀ ಉತ್ತರದಲ್ಲಿ ಇಲ್ಲದ ಸಾಲು

ಗವಿಸಿದ್ದಯ್ಯ ಮೇಷ್ಟ್ರು ಸರ್ವಾಧಿಕಾರದ ಭಕ್ತರೆಂದು ನಾನು ಮೂರು ವರ್ಷ ನಂಬಿದ್ದೆ. ವಿರೂಪಾಕ್ಷಿಪುರದಲ್ಲಿ ಅವರ ತರಗತಿಯ ಕಿಟಕಿಯಿಂದ ಬೋರ್ಡಿನ ಮೇಲೆ ‘ಸರ್ವಾಧಿಕಾರ: ತೀರ್ಮಾನ ಬೇಗ’ ಎಂದು ಕಂಡಿತ್ತು. ಬೋರ್ಡಿನ ಇನ್ನರ್ಧ ಕಾಣುತ್ತಿರಲಿಲ್ಲ. ಒಳಗೆ ಹೋಗಿ ಓದಲು ನನ್ನಂಥ ಪ್ರಜಾಪ್ರಭುತ್ವವಾದಿಗೆ ಪುರುಸೊತ್ತಿರಲಿಲ್ಲ. ಊರೆಲ್ಲ ಹೇಳಿಕೊಂಡು ತಿರುಗಲು ಮಾತ್ರ ಇತ್ತು. ಅಂದಿನಿಂದ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರುಗಳ ಸಭೆಯಲ್ಲಿ ಅವರ ಪಕ್ಕದ ಕುರ್ಚಿ ಖಾಲಿ. ಬುತ್ತಿಯನ್ನೂ ಅವರೊಬ್ಬರೇ ಬಿಚ್ಚುತ್ತಿದ್ದರು.

ಈ ಫೆಬ್ರವರಿಯಲ್ಲಿ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಪೇಪರು ತಿದ್ದಲು ಚನ್ನಪಟ್ಟಣದಲ್ಲಿ ಹತ್ತು ಜನ ಸೇರಿದ್ದೆವು. ನಾಲ್ಕು ಅಂಕದ ಪ್ರಶ್ನೆ: ಪ್ರಜಾಪ್ರಭುತ್ವವನ್ನೂ ಸರ್ವಾಧಿಕಾರವನ್ನೂ ಉದಾಹರಣೆಗಳೊಂದಿಗೆ ಹೋಲಿಸಿ. ನಮ್ಮ ಕೀ ಉತ್ತರದಲ್ಲಿದ್ದುದು ಪ್ರಜಾಪ್ರಭುತ್ವದ ಎಂಟು ಗುಣ, ಸರ್ವಾಧಿಕಾರದ ಎಂಟು ದೋಷ. ಅದನ್ನು ಬರೆದವನು ನಾನೇ.

ಗವಿಸಿದ್ದಯ್ಯನವರ ಕೈಗೆ ಬಂದ ಒಂದು ಪೇಪರಿನಲ್ಲಿ ಬೇರೆಯೇ ಇತ್ತು. ಚೀನಾದಲ್ಲಿ ರೈಲು ಹಾದಿ ಬೇಗ ಹಾಕುತ್ತಾರೆ, ನಮ್ಮಲ್ಲಿ ಚರ್ಚೆ, ಕೋರ್ಟು ಎಂದು ತಡವಾಗುತ್ತದೆ. ಆದರೆ ಅದೇ ಚೀನಾದಲ್ಲಿ ೧೯೫೯ರಿಂದ ೬೧ರವರೆಗೆ ಬರಗಾಲ ಬಂದಾಗ ನಿಜ ಹೇಳಲು ಅಧಿಕಾರಿಗಳೇ ಹೆದರಿದರು, ಕೋಟಿಗಟ್ಟಲೆ ಜನ ಸತ್ತರು. ನಮ್ಮಲ್ಲೂ ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳ ಬಾಯಿ ಕಟ್ಟಿದ್ದರು. ೧೯೭೭ರಲ್ಲಿ ಜನ ವೋಟು ಹಾಕಿ ಸರ್ಕಾರ ಬದಲಿಸಿದರು. ಬರೆದ ಮಗು ಯಾರೆಂದು ಅವರಿಗೂ ಗೊತ್ತಿಲ್ಲ, ಬರೀ ನಂಬರು.

ಅವರು ನಾಲ್ಕು ಕೊಟ್ಟಿದ್ದರು. ಮುಖ್ಯಸ್ಥೆ ಶರ್ಫುನ್ನೀಸಾ ಮೇಡಂ ಕೀ ತೋರಿಸಿ, ಇದಕ್ಕೆ ಎರಡು ದಾಟುವುದಿಲ್ಲ ಎಂದರು. ಸರ್ವಾಧಿಕಾರದ ಬಗ್ಗೆ ಒಳ್ಳೆಯ ಮಾತಿಗೆ ಅಂಕ ಕೊಟ್ಟರೆ ಪೋಷಕರು ಏನಂದಾರು ಎಂದು ನಾನೂ ಗಂಟಲು ಸರಿಮಾಡಿಕೊಂಡು ಹೇಳಿದೆ.

ಗವಿಸಿದ್ದಯ್ಯ ಎದ್ದು ನಿಂತರು. "ಹೋಲಿಸು ಅಂತ ಕೇಳಿದ್ದು ನಾವೇ ಅಲ್ವಾ ಮೇಡಂ. ಮುಂದಿನ್ ತಿಂಗ್ಳು ಪಬ್ಲಿಕ್ ಪರೀಕ್ಷೆ ಐತೆ. ಈಗ ಎರಡು ಹಾಕ್ಬುಟ್ರೆ ಈ ಮಗು ಅಲ್ಲಿ ಒಂದೇ ಕಡೆ ಬರ್ದು ಬತ್ತದೆ. ಆಮೇಲೆ ಜೀವನ್ಪೂರ್ತಿ ಹಂಗೇ ಬರೀತದೆ."

ಆ ಪೇಪರು ಓದಲು ಯಾರೂ ಕೈ ಚಾಚಲಿಲ್ಲ; ನಾನೂ ಓದಿದ್ದು ಆಮೇಲೆ. ಮೇಡಂ, ಪ್ರಜಾಪ್ರಭುತ್ವದ ಪ್ರಶ್ನೆ ತಾನೇ, ಕೈ ಎತ್ತಿಯೇ ಬಿಡೋಣ ಎಂದರು. ಎರಡಕ್ಕೆ ಒಂಬತ್ತು ಕೈ ಎದ್ದವು. ನಾಲ್ಕಕ್ಕೆ ಒಂದು.

ಮೇಷ್ಟ್ರು ಜಗಳ ಆಡಲಿಲ್ಲ. ನಾಲ್ಕನ್ನು ಹೊಡೆದು ಎರಡು ಹಾಕಿ ಸಹಿ ಮಾಡಿದರು. ಪೇಪರು ಮಕ್ಕಳಿಗೆ ಮರಳಿ ಹೋಗುವುದರಿಂದ ಅಂಚಿನಲ್ಲಿ ಸಣ್ಣಗೆ ಬರೆದರು: ‘ಎರಡೂ ಕಡೆ ತೂಗಿದ್ದೀಯ. ಹೀಗೇ ಬರಿ.’

ಮಧ್ಯಾಹ್ನ ನಾವು ಒಂಬತ್ತು ಜನ ಹೊಂಗೆಮರದ ಕೆಳಗೆ ಗುಂಪಾಗಿ ಕೂತೆವು. ಗವಿಸಿದ್ದಯ್ಯ ಕೋಣೆಯಲ್ಲೇ ಉಳಿದು, ಗೋಡೆಗೆ ಮುಖ ಮಾಡಿ ಚಪಾತಿ ತಿನ್ನುತ್ತಿದ್ದರು. ಮೇಜಿನ ಮೇಲೆ ಪಕ್ಕದವರಿಗೆಂದು ಒರೆಸಿಟ್ಟಂತೆ ಜಾಗ ಖಾಲಿ ಇತ್ತು. ನಾನು ಉಪ್ಪಿನಕಾಯಿ ನೆಪದಲ್ಲಿ ಒಳಗೆ ಹೋದೆ. ಏನಾದರೂ ಹೇಳಬೇಕಲ್ಲ ಎಂದು ಕೇಳಿದೆ: ವೋಟಿನಲ್ಲೇ ಸೋತಿರಲ್ಲ ಸಾರ್, ಈಗಲೂ ಪ್ರಜಾಪ್ರಭುತ್ವ ಒಳ್ಳೇದು ಅಂತೀರಾ?

ಅವರು ತುತ್ತು ನುಂಗಿ ನನ್ನನ್ನು ನೋಡಿದರು.

"ಓದ್ದೆಲೆ ಕೈ ಎತ್ತಿದ್ದು ನೀವು. ನಿಮ್ಮುನ್ನೇ ಕೇಳ್ಕಳಿ."