ಬೆಲೆ ಇಳಿದರೆ ಯಾರಿಗೆ ಭಯ?

ಕಂಕನಾಡಿಯಲ್ಲಿರುವ ಮಾವ ಬಿಜೈಯಲ್ಲಿರುವ ನನಗೆ ಅಂಚೆಯಲ್ಲಿ ಕಾಗದ ಹಾಕಿದ್ದರು. ಬಸ್ಸಿನಲ್ಲಿ ಕಾಲು ಗಂಟೆಯ ದಾರಿ. ಅಮ್ಮ ಫೋನ್ ಮಾಡಿ ಕೇಳಿದರೆ, "ಕಾಗದದ ಮಧ್ಯೆ ಅವನಿಗೆ ಬಾಯಿ ಹಾಕಲಿಕ್ಕೆ ಆಗುವುದಿಲ್ಲವಲ್ಲ" ಎಂದರಂತೆ.

ತಪ್ಪು ನನ್ನದೇ. ಕಾಲೇಜಿನ ಚರ್ಚಾ ಸ್ಪರ್ಧೆಯ ಫೈನಲ್‌ನಲ್ಲಿ 'ಬೆಲೆ ಇಳಿಕೆ ಜನರಿಗೆ ವರ' ಎಂಬ ವಿಷಯದ ಪರ ನಾನು ಮಾತನಾಡಬೇಕಿತ್ತು. ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಮಾವನ ಮುಂದೆ, ಫೋನ್ ಅಗ್ಗವಾದ ಉದಾಹರಣೆ ಕೊಟ್ಟು ಅಭ್ಯಾಸ ಮಾಡಿದೆ. ಅವರು ಮೂರು ಸಲ "ಆದರೆ" ಎಂದರು, ಮೂರು ಸಲವೂ ನಾನು ತಡೆದೆ.

ಕಾಗದ ಹೀಗಿತ್ತು:

"ಫೋನ್ ಅಗ್ಗವಾಯಿತೆಂದು ಕುಣಿಯಬೇಡ ಮಾರಾಯ, ಅದು ಒಂದು ವಸ್ತು. ಎಲ್ಲದರ ಬೆಲೆಯೂ ಇಳಿಯುತ್ತಲೇ ಹೋದರೆ? ಬೆಂಗ್ರೆಯ ಒಬ್ಬ ದೋಣಿ ಮಾಲಕನನ್ನು ನೆನೆಸಿಕೋ. ಮೀನಿನ ಬೆಲೆ ಇಳಿಯುತ್ತದೆ, ಡೀಸೆಲ್ಲಿನದೂ ಇಳಿಯುತ್ತದೆ. ಬ್ಯಾಂಕಿನ ಕಂತು ಮಾತ್ರ ಇಳಿಯುವುದಿಲ್ಲ. ಅದೇ ಕಂತಿಗೆ ಅವನು ಹೆಚ್ಚು ಮೀನು ಮಾರಬೇಕು. ಕೊನೆಗೆ ದೋಣಿಯಿಂದ ಇಬ್ಬರನ್ನು ಇಳಿಸುತ್ತಾನೆ. ಅವರು ಅಂಗಿ ಕೊಳ್ಳುವುದಿಲ್ಲ. ಅಂಗಡಿಯವನು ಅಂಗಿಯ ಬೆಲೆ ಇಳಿಸುತ್ತಾನೆ. ನಾಳೆ ಇನ್ನೂ ಇಳಿದೀತೆಂದು ನಿನ್ನಂಥ ಜಾಣರು ಕಾಯುತ್ತಾರೆ. ಬ್ಯಾಂಕಿನವರು ಬಡ್ಡಿ ಇಳಿಸಿ ಜನರನ್ನು ಸಾಲಕ್ಕೆ ಕರೆಯೋಣವೆಂದರೆ, ಸೊನ್ನೆಯ ಹತ್ತಿರ ಬಂದ ಮೇಲೆ ಇಳಿಸಲಿಕ್ಕೆ ಜಾಗವೇ ಇಲ್ಲ. ಬೆಲೆ ಮೆಲ್ಲ ಏರಿದರೆ ಸಾಲದ ಭಾರ ಸ್ವಲ್ಪ ಸ್ವಲ್ಪ ಹಗುರಾಗುತ್ತದೆ, ಕಷ್ಟಕಾಲದಲ್ಲಿ ಯಾರ ಸಂಬಳವನ್ನೂ ಕಡಿಯದೆ ಸುಧಾರಿಸಬಹುದು. ಜೋರಾಗಿ ಏರಿದರೆ ನಾನೂ ಬೈಯುತ್ತೇನೆ. ಬೆಲೆ ಇಳಿದರೆ ಠೇವಣಿ ಇಟ್ಟ ನನ್ನಂಥ ಮುದುಕನಿಗೆ ಲಾಭವೇ. ಆದರೂ ಬರೆದಿದ್ದೇನೆ, ಸಾಕ್ಷಿ ಪ್ರಾಮಾಣಿಕ ಎಂದು ಗಮನಿಸು."

ನಾಲ್ಕು ಸಲ ಓದಿ, ಒಂದು ತೂತು ಹುಡುಕಿ ಕಂಕನಾಡಿಗೆ ಓಡಿದೆ.

"ಮಾಮ, ಒಳ್ಳೆ ಯಂತ್ರ ಬಂದು ಉತ್ಪಾದನೆ ಹೆಚ್ಚಾಗಿ ಬೆಲೆ ಇಳಿದರೆ? ಅದರಲ್ಲಿ ಎಂತ ಕೆಟ್ಟದುಂಟು?"

"ಏನಿಲ್ಲ. ಅದು ಒಳ್ಳೆಯದೇ."

"ಮತ್ತೆ ಯಾಕೆ ಬರೀಲಿಲ್ಲ?"

"ನೀನು ಗೆದ್ದುಬಿಡ್ತಿ ಅಂತ."

ಗೆಲುವು ಜೇಬಿನಲ್ಲೇ ಇದೆ ಎಂದುಕೊಂಡು ವೇದಿಕೆ ಹತ್ತಿದೆ. ಎದುರಾಳಿಯ ವಾದವನ್ನು ಮೊದಲು ಅವನಿಗಿಂತ ಚೆನ್ನಾಗಿ ಹೇಳಬೇಕು, ಆಮೇಲೆ ಮುರಿಯಬೇಕು ಎಂಬುದು ನಮ್ಮ ತರಬೇತಿ. ಹಾಗಾಗಿ ದೋಣಿಯಿಂದ ಆರಂಭಿಸಿದೆ. ಕಂತು ಬಂತು, ಇಬ್ಬರು ದೋಣಿಯಿಂದ ಇಳಿದರು, ಅಂಗಿ ಮಾರಾಟವಾಗದೆ ಉಳಿಯಿತು. ಸಭೆ ಮುಂದಕ್ಕೆ ಬಾಗಿ ಕೇಳುತ್ತಿತ್ತು. ನನಗೆ ಅಮಲೇರಿದಂತಾಗಿ ಆ ಇಬ್ಬರಲ್ಲಿ ಒಬ್ಬನಿಗೆ ಮದುವೆಯನ್ನೂ ನಿಶ್ಚಯಿಸಿದೆ, ಚಿನ್ನದ ಬೆಲೆ ಇನ್ನೂ ಇಳಿಯಲೆಂದು ಕಾಯಿಸಿ ಅದನ್ನು ಮುಂದಕ್ಕೂ ಹಾಕಿಸಿದೆ. ಚಪ್ಪಾಳೆ ಬಿತ್ತು. "ಆದರೆ" ಎಂದೆ.

ಸಮಯ ಮುಗಿದ ಗಂಟೆ ಹೊಡೆಯಿತು.

ವಿರೋಧ ಪಕ್ಷದ ಹುಡುಗಿ ಎದ್ದು ಮೈಕ್ ಹಿಡಿದಳು. "ನನ್ನದನ್ನು ಇವರೇ ಹೇಳಿ ಆಯ್ತು. ನನಗೆ ಎಂತದೂ ಉಳೀಲಿಲ್ಲ."

ಕಪ್ ಅವಳಿಗೆ ಹೋಯಿತು. ನಗು ತಡೆಯಲಾಗದೆ ನಾನು ಕುರ್ಚಿಯ ಹಿಂದೆ ಬಗ್ಗಿ ಕುಳಿತಿದ್ದೆ. ಮೂರನೆಯ ಸಾಲಿನಲ್ಲಿ ಮಾವ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಯಾರಿಗೆಂದು ಅವರು ಈಗಲೂ ಹೇಳುವುದಿಲ್ಲ.